ಬನಹಟ್ಟಿಯಲ್ಲಿ ಬದಲಾದ ನಮ್ಮ ವಾಕ್ಯ

‘ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಮಕ್ಕಳಿಗೆ ಮನೆಪಾಠದ ಆ್ಯಪ್ ಇಲ್ಲ.’ ನಮ್ಮ ಸ್ಟಾರ್ಟಪ್‌ಗೆ ನಾವು ಬರೆದ ಮೊದಲ ಸಮಸ್ಯೆ ಇದು. ಇದು ನಮ್ಮ ಚಿಂತೆ, ಅವರದ್ದಲ್ಲ ಅಂತ ಗೊತ್ತಾಗಿದ್ದು ಬನಹಟ್ಟಿಯ ನೇಕಾರರ ಮನೆಯಲ್ಲಿ.

‘ಟ್ಯೂಷನ್ ಬೇಕೇನ್ರಿ?’ ಅಂದರೆ ಎಲ್ಲರೂ ‘ಹೂಂ’ ಅಂತಿದ್ದರು. ಅದಕ್ಕೆ ಒಬ್ಬ ಅಕ್ಕಾರಿಗೆ, ‘ಮಗಳಿಗೆ ಲೆಕ್ಕ ತಿಳೀದಿದ್ದಾಗ ಏನ್ ಮಾಡಿದ್ರಿ?’ ಅಂತ ಕೇಳಿದೆವು.

‘ಫೀ ಕಟ್ಟಿ ಟ್ಯೂಷನ್‌ಗೆ ಹಚ್ಚಿದ್ವಿ. ದಿನಾ ಸಂಜಿಕ ಮಗ್ಗಾ ಬಂದ್ ಮಾಡಿ ಬಿಟ್ಟು ಬರಬೇಕಾತು. ಮಗ್ಗಾ ನಿಂತ್ರ ಕೂಲಿನೂ ನಿಲ್ತೈತಿ. ಬಿಡಿಸಿದ್ವಿ.’

ರೊಕ್ಕ ಕೊಟ್ಟು ನೋಡಿ ಸೋತದ್ದು ‘ಹೂಂ’ಗಿಂತ ಗಟ್ಟಿ ಸಾಕ್ಷಿ. ಪರ್ಸೋನಾದಿಂದ ‘ವಯಸ್ಸು 35, ಮೊಬೈಲ್ ಇದೆ’ ತೆಗೆದು ಹೀಗೆ ಬರೆದೆವು: ‘ಮನೆಯಲ್ಲೇ ಮಗ್ಗ ನಡೆಸುವ ತಾಯಿಗೆ, ಸಂಜೆಯ ಕೂಲಿ ಬಿಡದೆ ಮಗಳಿಗೆ ಗಣಿತ ಕಲಿಸುವ ದಾರಿಯಿಲ್ಲ.’

ಮುಧೋಳದ ಕಬ್ಬಿನ ಹೊಲದ ಮನೆಗೂ ಇದೇ ವಾಕ್ಯ ಹೊಂದುತ್ತಾ? ಹೋಗಿ ಕೇಳದೆ ಬರೆಯೋ ಹಾಗಿಲ್ಲ.