ಗೋಡೆ ಒಣಗುವಷ್ಟು ಹೊತ್ತು

ಮೊಬೈಲಿನಲ್ಲಿ ಬರುವ ಮನೆ ರಿಪೇರಿ ವಿಡಿಯೋಗಳಿಗೆಲ್ಲ ಒಂದೇ ವ್ಯಾಕರಣ. ಬಣ್ಣ ಕಿತ್ತುಹೋದ ಕೋಣೆ ಕಾಣುತ್ತದೆ, ಒಂದು ಕೈ ಬಂದು ಲೆನ್ಸ್ ಮುಚ್ಚುತ್ತದೆ, ಕೈ ಸರಿದರೆ ಅಲ್ಲಿ ಬೇರೆಯೇ ಕೋಣೆ. ನೋಡುವವರಿಗೆ ಬೆರಗು ಬೇಕು, ಆ ನೆಗೆತ ಬೆರಗನ್ನು ಕೊಡುತ್ತದೆ. ಆರಂಭ ಕಾಲದ ಸಿನಿಮಾದ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನನಗೆ ಈ ತಂತ್ರ ಹೊಸದೇನಲ್ಲ. ಕ್ಯಾಮೆರಾ ನಿಲ್ಲಿಸಿ, ಎದುರಿಗಿದ್ದುದನ್ನು ಬದಲಿಸಿ, ಮತ್ತೆ ಓಡಿಸುವ ಆಟ ಸಿನಿಮಾದಷ್ಟೇ ಹಳೆಯದು. ಆದರೆ ಈ ನೆಗೆತ ಯಾರಿಗೆ ಬೆರಗಾಗುವುದಿಲ್ಲ, ಯಾರಿಗೆ ದಿಗಿಲಾಗುತ್ತದೆ ಎಂಬುದು ಗೊತ್ತಾಗಿದ್ದು ನನ್ನ ಅಜ್ಜಿಯಿಂದ.

ಅಜ್ಜಿಯ ನೆನಪು ನಾಲ್ಕೈದು ವರ್ಷಗಳಿಂದ ಸಡಿಲವಾಗುತ್ತಿದೆ. ಎರಡು ವರ್ಷದ ಹಿಂದೆ ಅವಳು ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಸಾಗರದ ಹತ್ತಿರದ ನಮ್ಮ ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸಿದ್ದೆವು. ವಾಪಸು ಬಂದವಳು ಬಾಗಿಲಲ್ಲೇ ನಿಂತು, "ಯಾರ ಮನೆಗೆ ಕರ್ಕೊಂಡು ಬಂದ್ರಿ?" ಅಂದಳು. ಅಮ್ಮ ಹಳೆಯ ಫೋಟೋ, ಹೊಸ ಫೋಟೋ ಎರಡನ್ನೂ ಅಕ್ಕಪಕ್ಕ ಹಿಡಿದು ತೋರಿಸಿದಳು. ಅಜ್ಜಿ ಎರಡನ್ನೂ ನೋಡಿ, "ಇದು ನಮ್ಮನೆ. ಅದು ಯಾರ್ದು?" ಎಂದು ಕೇಳಿದಳು. ಅವಳ ಪಾಲಿಗೆ ಎರಡು ಚಿತ್ರ ಎಂದರೆ ಎರಡು ಮನೆ. ಒಂದು ಇನ್ನೊಂದಾಯಿತು ಎನ್ನುವ ನಡುವಿನ ಮಾತನ್ನು ನಾವೆಲ್ಲ ನೆನಪಿನಿಂದ ತುಂಬಿಕೊಳ್ಳುತ್ತೇವೆ. ಅವಳಿಗೆ ಅದು ಆಗುತ್ತಿರಲಿಲ್ಲ.

ಹೋದ ವರ್ಷ ದಸರಾ ಮುಗಿದ ಮೇಲೆ ಅವಳ ಸ್ವಂತ ಕೋಣೆಯ ಸರದಿ ಬಂತು. ಹತ್ತಡಿಗೆ ಹನ್ನೆರಡಡಿಯ ಕೋಣೆ. ಮಳೆಗಾಲದ ತೇವ ಗೋಡೆಯ ಬುಡದಿಂದ ಸೊಂಟದೆತ್ತರಕ್ಕೆ ಏರಿ, ಉಪ್ಪು ಬಿಳಿಯಾಗಿ ಹೊಮ್ಮಿ, ಪ್ಲಾಸ್ಟರ್ ಉದುರುತ್ತಿತ್ತು. ಅಜ್ಜಿಯ ಉಬ್ಬಸಕ್ಕೆ ಅದು ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದರು. ಕೆಲಸ ಮುಗಿಯುವವರೆಗೆ ಅವಳು ಚಿಕ್ಕಮ್ಮನ ಮನೆಯಲ್ಲಿ ಇರಲೇಬೇಕು. ಮರಳಿ ಬಂದಾಗ ಮತ್ತೆ ಬಾಗಿಲಲ್ಲಿ ನಿಲ್ಲಬಾರದು. ಹಾಗಾಗಿ ಆ ಕೋಣೆ ಹೊಸ ಕೋಣೆಯಾಗುವುದನ್ನು ಎಲ್ಲೂ ತುಂಡಾಗದ ಒಂದೇ ಕ್ಲಿಪ್ಪಿನಲ್ಲಿ ಹಿಡಿದು ಅವಳಿಗೆ ತೋರಿಸುವುದು ಎಂದಾಯಿತು.

ಇದಕ್ಕೆ ಮಾದರಿ ನನ್ನ ಓದಿನಲ್ಲೇ ಇತ್ತು. 1901ರಲ್ಲಿ ನ್ಯೂಯಾರ್ಕಿನ ಸ್ಟಾರ್ ಥಿಯೇಟರ್ ಎಂಬ ಕಟ್ಟಡವನ್ನು ಕೆಡವುವಾಗ ಬಯೋಗ್ರಾಫ್ ಕಂಪನಿಯವರು ಒಂದೇ ಜಾಗದಲ್ಲಿ ಕ್ಯಾಮೆರಾ ಇಟ್ಟು, ನಾಲ್ಕು ನಿಮಿಷಕ್ಕೊಂದು ಚಿತ್ರದಂತೆ, ದಿನಕ್ಕೆ ಎಂಟು ಗಂಟೆ, ಸುಮಾರು ಮೂವತ್ತು ದಿನ ತೆಗೆದರು. ತೆರೆಯ ಮೇಲೆ ಕಟ್ಟಡ ತಾನಾಗಿಯೇ ಕರಗಿ ಇಳಿಯುತ್ತದೆ. ಹಿಂದುಮುಂದಾಗಿ ಓಡಿಸಿದರೆ ಮಣ್ಣಿನಿಂದ ಎದ್ದು ನಿಲ್ಲುತ್ತದೆ. ಅದನ್ನು ಹತ್ತಾರು ಸಲ ನೋಡಿದ್ದೆ. ಅಜ್ಜಿಯ ಕಣ್ಣಿನಿಂದ ನೋಡಿದಾಗ ಮಾತ್ರ ಒಂದು ಕೊರತೆ ಕಂಡಿತು: ಕಟ್ಟಡ ಹೋಗುವುದು ಕಾಣುತ್ತದೆ, ಯಾರು ಒಯ್ದರು ಎಂಬುದು ಕಾಣುವುದಿಲ್ಲ. ನಾಲ್ಕು ನಿಮಿಷದ ಅಂತರದಲ್ಲಿ ಕೆಲಸಗಾರ ಒಂದು ಚಿತ್ರದಲ್ಲಿ ಮಿಂಚಿ ಮುಂದಿನದರಲ್ಲಿ ಇರುವುದಿಲ್ಲ.

ಮೊದಲ ಪ್ರಶ್ನೆ ಕ್ಯಾಮೆರಾವನ್ನು ಎಲ್ಲಿ ಕಟ್ಟುವುದು ಎಂಬುದು. ನೆಲದ ಮೇಲೆ ಟ್ರೈಪಾಡ್ ಇಟ್ಟರೆ ಸಿಮೆಂಟಿನ ಬಾಂಡ್ಲಿ, ಏಣಿ, ಕಾಲು ಎಲ್ಲ ತಾಗುತ್ತವೆ. ಕೋಣೆಯಲ್ಲಿ ಬದಲಾಗದೆ ಉಳಿಯುವ ವಸ್ತುವೊಂದು ಬೇಕಿತ್ತು. ಬಾಗಿಲ ಚೌಕಟ್ಟು ಹಲಸಿನ ಮರದ್ದು, ಅದನ್ನು ಮುಟ್ಟುವ ಯೋಚನೆ ಯಾರಿಗೂ ಇರಲಿಲ್ಲ. ಅದರ ಮೇಲ್ಪಟ್ಟಿಗೆ ಕ್ಲಾಂಪ್ ಬಿಗಿದು ಹಳೆಯ ಫೋನೊಂದನ್ನು ಚಾರ್ಜರ್ ಸಮೇತ ಕೂರಿಸಿದೆ. ಅದರ ಎದುರಿಗೇ ಪೂರ್ವದ ಕಿಟಕಿ, ಐದು ಮರದ ಸರಳುಗಳದ್ದು. ಗೋಡೆ, ಮಂಚ, ನೆಲ ಎಲ್ಲ ಬದಲಾಗುವಾಗ ಕಣ್ಣಿಗೆ ಹಿಡಿದುಕೊಳ್ಳಲು ಇರುವುದು ಆ ಕಿಟಕಿ ಒಂದೇ. ಅದಕ್ಕೇ ಪೇಂಟರ್ ಹತ್ತಿರ ಕಿಟಕಿಗೆ ಎಲ್ಲಕ್ಕಿಂತ ಕೊನೆಗೆ ಬಣ್ಣ ಹಚ್ಚಿ ಎಂದು ಕೇಳಿಕೊಂಡೆ. "ಕಿಟಕಿ ಮೊದ್ಲು ಮುಗಿಸಿದ್ರೆ ನಮಗೆ ಸುಲಭ ಅಕ್ಕಾ," ಅಂದರೂ ಒಪ್ಪಿದರು.

ಎರಡನೆಯದು ಬೆಳಕು. ಫೋನನ್ನು ಅದರ ಪಾಡಿಗೆ ಬಿಟ್ಟರೆ ಪ್ರತಿ ಚಿತ್ರಕ್ಕೂ ತಾನೇ ಬೆಳಕು ಅಳೆದು ಸರಿಪಡಿಸಿಕೊಳ್ಳುತ್ತದೆ. ರಿಪೇರಿಯ ಚಿತ್ರಕ್ಕೆ ಇದು ದೊಡ್ಡ ತೊಡಕು. ಕಪ್ಪು ಗೋಡೆಗೆ ಬಿಳಿ ಪುಟ್ಟಿ ಬಳಿದ ಕೂಡಲೇ ಬೆಳಕು ಹೆಚ್ಚಾಯಿತೆಂದು ಫೋನು ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಗೋಡೆ ಬೂದಾಗಿಯೇ ಉಳಿದು ಕಿಟಕಿ ಕಪ್ಪಾಗುತ್ತದೆ, ಅಂದರೆ ಆದ ಬದಲಾವಣೆ ಮುಚ್ಚಿಹೋಗಿ ಆಗದ ಬದಲಾವಣೆ ಕಾಣುತ್ತದೆ. ಜೊತೆಗೆ ಚಿತ್ರದಿಂದ ಚಿತ್ರಕ್ಕೆ ಬೆಳಕು ಏರಿಳಿದು ಕ್ಲಿಪ್ಪು ಹಳೆಯ ಟ್ಯೂಬ್‌ಲೈಟಿನಂತೆ ಮಿಟುಕುತ್ತದೆ. ಹಾಗಾಗಿ ಎಕ್ಸ್‌ಪೋಶರ್, ಫೋಕಸ್, ಬಣ್ಣದ ಛಾಯೆ ಮೂರನ್ನೂ ಮೊದಲ ದಿನವೇ ಒಂದು ಅಳತೆಗೆ ಕಟ್ಟಿಹಾಕಿದೆ. ಬೆಳಗಿನ ಬಿಸಿಲು ಕಿಟಕಿಯಿಂದ ನೇರ ಒಳಗೆ ಬೀಳುವುದರಿಂದ, ಅದು ಸರಿದ ಮೇಲೆ ಹತ್ತರಿಂದ ನಾಲ್ಕರವರೆಗೆ ಮಾತ್ರ ಚಿತ್ರ. ಇಂದಿನ ನಾಲ್ಕು ಗಂಟೆಯಿಂದ ನಾಳೆಯ ಹತ್ತು ಗಂಟೆಗೆ ದಾಟುವಲ್ಲಿ ಅರ್ಧ ಸೆಕೆಂಡು ಒಂದನ್ನು ಇನ್ನೊಂದರೊಳಗೆ ಕರಗಿಸಿದರೆ ರಾತ್ರಿ ಕಳೆದದ್ದು ಗೊತ್ತಾಗುವುದಿಲ್ಲ.

ಒಟ್ಟು 29 ದಿನದ ಕೆಲಸ. ಸಾಮಾನು ತೆಗೆದು, ಹಳೆಯ ಪ್ಲಾಸ್ಟರ್ ಕಿತ್ತು, ವೈರಿಂಗಿಗೆ ಗೋಡೆ ಕೊರೆಯಲು ಮೂರು ದಿನ. ಹೊಸ ಪ್ಲಾಸ್ಟರಿಗೆ ಮೂರು. ಅದಕ್ಕೆ ನೀರು ಹಾಕುತ್ತಿರಲು ಏಳು, ಒಣಗಲು ಹತ್ತು. ಪುಟ್ಟಿ, ಪ್ರೈಮರ್, ಬಣ್ಣಕ್ಕೆ ಆರು. ನಿಮಿಷಕ್ಕೊಂದು ಚಿತ್ರದಂತೆ ಹತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳಾದವು. ಆರಾರು ಚಿತ್ರಗಳನ್ನು ಒಂದರ ಮೇಲೊಂದು ತೆಳುವಾಗಿ ಹಾಸಿ ಒಂದು ಮಾಡಿದೆ. ಆಗ ಜನ ಮಿಂಚಿ ಮಾಯವಾಗದೆ, ನೀರಿನಲ್ಲಿ ಕದಡಿದ ಬಣ್ಣದಂತೆ ಹರಿದು ಹೋಗುತ್ತಾರೆ. ಸೆಕೆಂಡಿಗೆ 25 ಚಿತ್ರದ ಲೆಕ್ಕದಲ್ಲಿ ಅದು 70 ಸೆಕೆಂಡಿನ ಕ್ಲಿಪ್ಪು. ಒಂಬತ್ತನೇ ದಿನ ಏಣಿ ಚೌಕಟ್ಟಿಗೆ ತಾಗಿ ಫೋನು ಕೂದಲೆಳೆಯಷ್ಟು ಸರಿದಿತ್ತು. ಬರಿಗಣ್ಣಿಗೆ ಕಾಣದ್ದು, ಹಿಂದಿನ ಚಿತ್ರ ಮುಂದಿನ ಚಿತ್ರ ಎರಡನ್ನೂ ತಿರುತಿರುಗಿಸಿ ನೋಡಿದಾಗ ಕಿಟಕಿಯ ಸರಳು ಕುಪ್ಪಳಿಸಿದ್ದರಿಂದ ತಿಳಿಯಿತು. ಅಲ್ಲಿಂದ ಮುಂದಿನ ಚಿತ್ರಗಳನ್ನೆಲ್ಲ ಆ ಸರಳಿನ ಎರಡು ತುದಿಗೆ ಹೊಂದಿಸಿ, ಅಂಚು ಕತ್ತರಿಸಿದರೆ ಸಾಕಾಯಿತು.

ಇಷ್ಟಾದರೂ ಆ ಕ್ಲಿಪ್ಪು ಅಜ್ಜಿಗೆ ಸಲ್ಲುವಂತಿರಲಿಲ್ಲ. ಎಪ್ಪತ್ತರಲ್ಲಿ ನಲವತ್ತು ಸೆಕೆಂಡು ಗೋಡೆ ಒಣಗುವುದೇ ಇತ್ತು. ಮಂಚ ಹೊರಗೆ ಹೋದದ್ದಕ್ಕೆ ಸಿಕ್ಕಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಕಾಲ ಸಮನಾಗಿ ಹರಿಯುತ್ತದೆ, ಆದರೆ ಬದಲಾವಣೆ ಕಾಲದಲ್ಲಿ ಸಮನಾಗಿ ಹರಡಿಕೊಂಡಿರುವುದಿಲ್ಲ. ಇನ್ನೊಂದು ತೊಡಕೂ ಇದೆ. 2000ದಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗದ ಪ್ರಕಾರ, ಚಿತ್ರದ ಒಂದು ಭಾಗ ಯಾವ ಅಡೆತಡೆಯೂ ಇಲ್ಲದೆ ನಿಧಾನವಾಗಿ ಬದಲಾದರೆ ನೋಡುತ್ತಿರುವವರೇ ಅದನ್ನು ಗಮನಿಸದೆ ಹೋಗುವುದುಂಟು. ನೆಗೆದರೆ ಎರಡು ಕೋಣೆ ಕಾಣುತ್ತವೆ. ತೀರಾ ನಯವಾಗಿ ಜಾರಿದರೆ ಬದಲಾದದ್ದೇ ಕಾಣುವುದಿಲ್ಲ.

ಇವೆರಡರ ನಡುವೆ ಇರುವುದು ಕೈ ಎಂದು ನನಗೆ ಹೊಳೆದದ್ದು ಕೆಲಸ ಶುರುವಾಗುವ ಹಿಂದಿನ ರಾತ್ರಿ, ಸ್ಟಾರ್ ಥಿಯೇಟರನ್ನು ಮತ್ತೊಮ್ಮೆ ನೋಡುವಾಗ. ಒಂದು ವಸ್ತುವನ್ನು ಯಾರೋ ಹಿಡಿದು ಎತ್ತಿದ್ದು ಕಂಡರೆ, ಆಮೇಲೆ ಅದು ಇಲ್ಲದಿರುವುದು ಗಾಬರಿಯಲ್ಲ. ಚಿತ್ರ ತುಂಡಾದರೆ ಮಾತ್ರ ನೆಗೆತವಲ್ಲ, ಕಾರಣ ಕಾಣೆಯಾದರೂ ನೆಗೆತವೇ. ಅದಕ್ಕೇ ನಾಲ್ಕು ಗಳಿಗೆಗಳಲ್ಲಿ ಮಾತ್ರ ಫೋನನ್ನು ಸೆಕೆಂಡಿಗೊಂದು ಚಿತ್ರಕ್ಕೆ ಇಟ್ಟಿದ್ದೆ: ಮಂಚದ ಕಾಲು ಬಿಚ್ಚಿ ಒಯ್ಯುವಾಗ, ಅಜ್ಜನ ಕಾಲದ ಹಲಗೆ ಇಳಿಸುವಾಗ, ಕಿಟಕಿಗೆ ಮೊದಲ ಸಲ ಬ್ರಷ್ ತಾಗುವಾಗ, ಮಂಚ ವಾಪಸು ಬರುವಾಗ. ತಲಾ ನಾಲ್ಕು ನಿಮಿಷದ ಕೆಲಸ ತಲಾ ಹತ್ತು ಸೆಕೆಂಡು ಆಯಿತು. ಒಣಗುವ ನಲವತ್ತು ಸೆಕೆಂಡನ್ನು ಐದಕ್ಕೆ ಇಳಿಸಿದೆ; ಒದ್ದೆ ಗೋಡೆ ಕಡುಬೂದಿಯಿಂದ ತಿಳಿಬೂದಿಗೆ ತಿರುಗುವುದು ಅಷ್ಟರಲ್ಲಿ ಚೆನ್ನಾಗಿಯೇ ಕಾಣುತ್ತದೆ. ವೇಗ ಬದಲಾಗುವಲ್ಲಿ ತಟ್ಟನೆ ಬದಲಿಸದೆ ಒಂದೆರಡು ಸೆಕೆಂಡು ತೆಗೆದುಕೊಂಡೆ. ಕ್ಲಿಪ್ಪಿನ ಉದ್ದ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯಿತು, ಒಳಗಿನ ಕಾಲ ಮಾತ್ರ ಬೇರೆಯಾಯಿತು.

ಚಿಕ್ಕಮ್ಮನ ಮನೆಯ ಟಿವಿಯಲ್ಲಿ ಹಾಕಿ ತೋರಿಸಿದೆ. ಮೊದಲ ಸಲ ಅಜ್ಜಿ ಏನೂ ಹೇಳಲಿಲ್ಲ. ಎರಡನೇ ಸಲ ಮಂಚ ಎತ್ತುವಾಗ, "ಹುಷಾರು, ಬಾಗ್ಲಿಗೆ ತಾಗ್ತದೆ," ಅಂದಳು. ಒಂದು ವಾರ ದಿನಾ ಊಟವಾದ ಮೇಲೆ ನೋಡಿದಳು. ಮಂಚ ವಾಪಸು ಬರುವ ಹೊತ್ತಿಗೆ ಪ್ರತಿಸಲವೂ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗುತ್ತಿದ್ದಳು.

ಮನೆಗೆ ಬಂದ ದಿನ ಅವಳು ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಹೋಗಿ ಮಂಚದ ಮೇಲೆ ಕೂತು, ಕಿಟಕಿ ನೋಡಿ, "ಬಣ್ಣದ ವಾಸ್ನೆ," ಅಂತ ಮೂಗು ಮುಚ್ಚಿಕೊಂಡಳು. ವಾಸನೆಯನ್ನು ಯಾವ ಕ್ಲಿಪ್ಪೂ ತೋರಿಸಲಾರದು. ಅದು ತೋರಿಸಲಾರದ ಇನ್ನೊಂದು ಸಂಗತಿ ರಾತ್ರಿ ಗೊತ್ತಾಯಿತು. ಅಜ್ಜಿ ರಾತ್ರಿ ಏಳುವಾಗ ಸುಲಭವಾಗಲೆಂದು ಲೈಟಿನ ಸ್ವಿಚ್ಚನ್ನು ಬಾಗಿಲ ಪಕ್ಕದಿಂದ ಮಂಚದ ತಲೆಯ ಹತ್ತಿರಕ್ಕೆ ತಂದಿದ್ದೆವು. ಹಳೆಯ ಸ್ವಿಚ್ಚು ಇದ್ದದ್ದು ಫೋನು ಕಟ್ಟಿದ್ದ ಗೋಡೆಯಲ್ಲಿ. ಕ್ಯಾಮೆರಾ ತನ್ನ ಬೆನ್ನ ಹಿಂದಿನದನ್ನು ನೋಡಲಿಲ್ಲ. ಬಚ್ಚಲಿಗೆ ಹೋಗಿ ಬಂದ ಅಜ್ಜಿ ಬಾಗಿಲ ಪಕ್ಕದ ಹೊಸ ನುಣುಪು ಗೋಡೆಯನ್ನು ಕತ್ತಲಲ್ಲಿ ಅಂಗೈಯಿಂದ ಸವರುತ್ತಲೇ ನಿಂತಿದ್ದಳು. ಕಣ್ಣು ಕಲಿತದ್ದನ್ನು ಕೈ ಕಲಿತಿರಲಿಲ್ಲ.

ಮಾರನೇ ದಿನ ಎಲೆಕ್ಟ್ರಿಷಿಯನ್ ಬಂದು ಹೊಸ ಗೋಡೆಯನ್ನು ಮತ್ತೆ ಕೊರೆದರು. ಮೆಟ್ಟಿಲಿಗೆ ಹಾಕುವಂಥ ಟೂ-ವೇ ಸ್ವಿಚ್ಚು, ಒಂದೇ ಲೈಟು, ಎರಡು ಕಡೆಯಿಂದ ಹಾಕಬಹುದು, ಆರಿಸಬಹುದು. ಒಂದು ಮಂಚದ ತಲೆಗೆ, ಇನ್ನೊಂದು ಹಳೆಯ ಜಾಗಕ್ಕೆ, ನೆಲದಿಂದ ಅಷ್ಟೇ ಎತ್ತರದಲ್ಲಿ. ಕೊರೆದಲ್ಲಿ ಹಚ್ಚಿದ ತೇಪೆಯ ಬಣ್ಣ ಸ್ವಲ್ಪ ಬೇರೆ, ಹಗಲಲ್ಲಿ ಎದ್ದು ಕಾಣುತ್ತದೆ. ಅಜ್ಜಿ ಬಳಸುವುದು ಅದನ್ನೇ.