ಮಂಜಿನಲ್ಲಿ ಬೆನ್ನು

ಅಪ್ಪ ತೀರಿಕೊಂಡ ಮೂರನೇ ತಿಂಗಳು. ಮೀಟಿಂಗ್ ನಡುವೆ ಮೊಬೈಲು, ಅಪ್ಪ ಕೊಟ್ಟಿಗೆಹಾರದ ಹೋಟೆಲಲ್ಲಿ ನೀರುದೋಸೆ ತಿನ್ನುತ್ತಿದ್ದ ಹಳೇ ಫೋಟೊ ತೋರಿಸಿಬಿಡ್ತು. ನನ್ನ ಮಾತು ಅಲ್ಲೇ ನಿಂತಿತು.

ರಾತ್ರಿ ಅಳಿಸಲು ಕೂತೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದದ್ದನ್ನು ಅಳಿಸಿದರೆ 60 ದಿನ ಕಸದಬುಟ್ಟಿಯಲ್ಲಿರುತ್ತೆ, ಆಮೇಲೆ ಕೇಳಿದರೂ ಸಿಗಲ್ಲ. ಕೈ ಬರಲಿಲ್ಲ. Memories ಸೆಟ್ಟಿಂಗಿಗೆ ಹೋಗಿ ಅಪ್ಪನ ಮುಖ ಮರೆಮಾಡಿದೆ. ಫೋಟೊಗಳೆಲ್ಲ ಇದ್ದಲ್ಲೇ ಇರುತ್ತವೆ, ತಾವಾಗಿ ಎದುರಿಗೆ ಬರಲ್ಲ ಅಷ್ಟೇ. ಆದರೆ ಅದು ಗುರುತು ಹಿಡಿಯೋದು ಹೆಚ್ಚಾಗಿ ಮುಖ ನೋಡಿ. ಮುಖ ಕಾಣದ ಫೋಟೊ ತಪ್ಪಿಸಿಕೊಳ್ಳಬಹುದು.

ತಪ್ಪಿಸಿಕೊಂಡೂ ಬಂತು. ಮೊನ್ನೆ ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಕೊಡೆ ಹಿಡಿದ ಅಪ್ಪನ ಬೆನ್ನು. ಊರಿಗೆ ಹೋದಾಗ ಅಮ್ಮನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದ್ಲು.

"ಬೇರೆವನ್ನೆಲ್ಲ ಎಲ್ಲಿ ಅಡಗ್ಸಿದ್ದೀಯ? ನಂಗೂ ಕಳ್ಸೋ."