ಮಂಗಲೇಶನ ಕಲ್ಮನೆಯಲ್ಲಿ ಹಂದಿ ಮತ್ತು ಕುಳ್ಳ

ಬಾದಾಮಿಯ ಎರಡನೆಯ ಗುಹೆಯ ಮೊಗಸಾಲೆಗೆ ಬಂದಿದ್ದೀರಿ. ಗುಹೆ ಉತ್ತರಕ್ಕೆ ಮುಖ ಮಾಡಿದೆ, ಹಾಗಾಗಿ ಬಿಸಿಲು ನೆಟ್ಟಗೆ ಒಳಗೆ ಬೀಳುವುದಿಲ್ಲ. ಕೆಂಪು ಮರಳುಗಲ್ಲಿನ ಮೇಲೆ ಮಂದವಾದ ಬೆಳಕು ಹರಡಿದೆ. ನಡುವೆ ನಿಂತು ಒಮ್ಮೆ ಆಚೆ, ಒಮ್ಮೆ ಈಚೆ ನೋಡಿ. ಒಂದು ತುದಿಯ ಗೋಡೆಯಲ್ಲಿ ಹಂದಿಮೋರೆಯ ವರಾಹ, ಎದುರಿನ ತುದಿಯಲ್ಲಿ ಕಾಲೆತ್ತಿ ನಿಂತ ತ್ರಿವಿಕ್ರಮ. ತ್ರಿವಿಕ್ರಮನ ಬುಡದಲ್ಲಿ ಕಣ್ಣು ಕೆಳಗಿಳಿಸಿದರೆ ಕೊಡೆ ಹಿಡಿದ ಗಿಡ್ಡ ವಟು ಸಿಗುತ್ತಾನೆ. ಮುಗಿಲಿಗೆ ಕಾಲು ಚಾಚಿದವನೂ ಅವನೇ, ಈ ಕುಳ್ಳನೂ ಅವನೇ. ಒಂದೇ ಚೌಕಟ್ಟಿನಲ್ಲಿ ಇಬ್ಬರನ್ನೂ ಕಡೆದ ಶಿಲ್ಪಿ, ದೇವರು ವೇಷ ತೊಟ್ಟದ್ದನ್ನೂ ಕಳಚಿದ್ದನ್ನೂ ಒಟ್ಟಿಗೇ ತೋರಿಸಿಬಿಟ್ಟಿದ್ದಾನೆ.

ಮೊದಲು ವರಾಹನ ಹತ್ತಿರ ಹೋಗೋಣ. ವರಾಹ, ತ್ರಿವಿಕ್ರಮ ಇಬ್ಬರೂ ಮೂರನೆಯ ಗುಹೆಯಲ್ಲೂ ಇದ್ದಾರೆ, ಅವರನ್ನು ನೋಡಬೇಕಾದದ್ದು ಅಲ್ಲಿ. ಮೆಟ್ಟಿಲು ಹತ್ತಿ ಬಂದರೆ ಕಂಬಗಳ ಸಾಲು, ಅದರ ಹಿಂದೆ ಉದ್ದನೆಯ ಮೊಗಸಾಲೆ, ಆಳೆತ್ತರವನ್ನೂ ಮೀರಿದ ಮೂರ್ತಿಗಳು. ವರಾಹನ ಮೈಯನ್ನು ಪಾದದಿಂದ ಮೇಲಕ್ಕೆ ನೋಡುತ್ತ ಬನ್ನಿ. ಕಾಲು ಮನುಷ್ಯನದು, ನಡು ಮನುಷ್ಯನದು, ತೋಳುಗಳಲ್ಲಿ ಅರಸನ ಒಡವೆಗಳು. ಕತ್ತಿನ ಮೇಲೆ ಮಾತ್ರ ಹಂದಿಯ ಮೂತಿ. ಕೆಳಗೆ ನಾಗನ ಸುರುಳಿ, ಅಂಗೈಯ ಮೇಲೆ ಭೂದೇವಿ. ಮುಳುಗಿದ ನೆಲವನ್ನು ಕೆಸರಿನಿಂದ ಎತ್ತಬೇಕು. ಕೆಸರಲ್ಲಿ ಮೂತಿಯಿಟ್ಟು ಬಗೆಯುವುದು ಗೊತ್ತಿರುವುದು ಹಂದಿಗೆ. ಕೆಲಸಕ್ಕೆ ಬೇಕಾದಷ್ಟನ್ನೇ ದೇವರು ಪ್ರಾಣಿಯಿಂದ ಪಡೆದಿದ್ದಾನೆ, ಉಳಿದದ್ದೆಲ್ಲ ಅರಸನ ಮೈ.

ಈ ಹಂದಿ ಮೊದಲು ವಿಷ್ಣುವಿನದಾಗಿರಲಿಲ್ಲ. ಶತಪಥ ಬ್ರಾಹ್ಮಣದಲ್ಲಿ ಭೂಮಿಯನ್ನು ಎತ್ತುವ ಹಂದಿಯ ಹೆಸರು ಏಮೂಷ, ಅಲ್ಲಿ ಅದು ಪ್ರಜಾಪತಿಯ ರೂಪ. ಕಾಲ ಕಳೆದಂತೆ ಪ್ರಜಾಪತಿ ಹಿಂದೆ ಸರಿದ, ವಿಷ್ಣು ಮುಂದೆ ಬಂದ, ಹಂದಿ ಅವನ ಪಾಲಾಯಿತು. ಯಾವ ದೇವರ ಕೈ ಮೇಲಾಯಿತೋ ಆ ರೂಪ ಅವನದು. ಬಾದಾಮಿಯ ಚಾಲುಕ್ಯರಿಗೆ ಇದು ಚೆನ್ನಾಗಿ ತಿಳಿದಿತ್ತು ಎಂದೇ ನನ್ನ ನಂಬಿಕೆ. ವರಾಹಲಾಂಛನ ತಮಗೆ ನಾರಾಯಣನ ಅನುಗ್ರಹದಿಂದ ದೊರೆಯಿತೆಂದೂ, ಅದನ್ನು ಕಂಡೊಡನೆ ಉಳಿದ ಅರಸರು ವಶವಾದರೆಂದೂ ಅವರ ತಾಮ್ರಶಾಸನಗಳು ಹೇಳುತ್ತವೆ. ಅವರ ಬಿರುದು ಪೃಥ್ವೀವಲ್ಲಭ, ಭೂಮಿಯ ಗಂಡ. ಈಗ ಮತ್ತೊಮ್ಮೆ ಆ ಅಂಗೈಯ ಮೇಲಿನ ಭೂದೇವಿಯನ್ನು ನೋಡಿ. ಅವಳನ್ನು ಎತ್ತಿದವನು ದೇವರೋ ದೊರೆಯೋ ಎಂದು ಬಂದವರು ಒಂದು ಗಳಿಗೆ ತಡವರಿಸಬೇಕು. ಈ ಗೋಡೆಯ ರಾಜಕಾರಣವೆಲ್ಲ ಆ ತಡವರಿಕೆಯಲ್ಲಿದೆ.

ಪಶ್ಚಿಮದ ಕಡೆಗೆ ನಡೆಯಿರಿ. ನರಸಿಂಹ ಇಲ್ಲಿ ಯಾರ ಹೊಟ್ಟೆಯನ್ನೂ ಸೀಳುತ್ತಿಲ್ಲ, ನೆಟ್ಟಗೆ ನಿರಾಳವಾಗಿ ನಿಂತಿದ್ದಾನೆ. ಮನುಷ್ಯನಿಂದಲೂ ಸಾವಿಲ್ಲ, ಮೃಗದಿಂದಲೂ ಇಲ್ಲ ಎಂಬ ವರ ಹಿರಣ್ಯಕಶಿಪುವಿಗಿತ್ತು. ಕೊಟ್ಟ ವರವನ್ನು ದೇವರೇ ಮುರಿದರೆ ಮುಂದೆ ಯಾವ ವರಕ್ಕೂ ಬೆಲೆಯಿಲ್ಲ. ಆದ್ದರಿಂದ ಎರಡೂ ಅಲ್ಲದ ಒಂದು ಮೈ ಬೇಕಾಯಿತು. ಎಲ್ಲ ಬಲವೂ ಇದ್ದವನು ಒಂದು ಮಾತಿನ ಸಂದಿಯಲ್ಲಿ ತೂರಿಕೊಂಡು ಬರಬೇಕಾದ ಪರಿಸ್ಥಿತಿ ಅದು. ಕಥೆ ಕೇಳುವಾಗ ಅವನ ಉಗುರುಗಳಿಗೆ ಬೆರಗಾಗುತ್ತೇವೆ, ಅವನ ಇಕ್ಕಟ್ಟು ಕಣ್ಣಿಗೆ ಬೀಳುವುದಿಲ್ಲ.

ಆ ಇಕ್ಕಟ್ಟು ಇನ್ನೂ ಬಿಗಿಯಾಗುವುದು ತ್ರಿವಿಕ್ರಮನ ಮುಂದೆ. ಕಾಲು ಸೊಂಟದ ಎತ್ತರಕ್ಕೆ ಅಡ್ಡಲಾಗಿ ಚಾಚಿದೆ, ಸುತ್ತ ಆಯುಧ ಹಿಡಿದ ಕೈಗಳು. ಇಷ್ಟು ಆಯುಧಗಳಿದ್ದೂ ಅವನು ಬೇಡಲು ಹೋದದ್ದೇಕೆ? ಬಲಿ ಹಿರಣ್ಯಕಶಿಪುವಿನಂಥವನಲ್ಲ. ಪ್ರಹ್ಲಾದನ ಮೊಮ್ಮಗ, ಯಜ್ಞ ಮಾಡುತ್ತಿದ್ದವನು, ಕೇಳಿದವರಿಗೆ ಇಲ್ಲವೆನ್ನದವನು. ಅಂಥವನ ಮೇಲೆ ಚಕ್ರ ಬೀಸಿದರೆ ದೇವರು ದರೋಡೆಕೋರನಾಗುತ್ತಾನೆ. ಲೋಕ ಬೇಕು, ಆದರೆ ಅದು ಕಿತ್ತುಕೊಂಡದ್ದಾಗಿರದೆ ಕೊಟ್ಟದ್ದಾಗಿರಬೇಕು. ಅದಕ್ಕೆ ಬೇಡುವ ಬಾಯಿ ಬೇಕು, ಚಾಚುವ ಕೈ ಬೇಕು, ಕೊಡುವವನಿಗಿಂತ ಚಿಕ್ಕದಾದ ಮೈ ಬೇಕು.

ಯಜ್ಞಶಾಲೆಯಲ್ಲಿ ನಿಂತು ನೋಡಿ. ಹೊಗೆ, ತುಪ್ಪದ ವಾಸನೆ, ಗಿಂಡಿ ಹಿಡಿದ ಬಲಿ. ಹುಡುಗ ಮೂರು ಹೆಜ್ಜೆ ನೆಲ ಕೇಳುತ್ತಾನೆ. ಬಲಿಗೆ ನಗು: ಇನ್ನಷ್ಟು ಕೇಳಬಾರದೆ? ಬೇಡ, ಮೂರೇ ಸಾಕು. ಅಷ್ಟರಲ್ಲಿ ಶುಕ್ರಾಚಾರ್ಯ ದೊರೆಯನ್ನು ತಡೆಯುತ್ತಾನೆ. ಇವನು ವಟುವಲ್ಲ, ವಿಷ್ಣು, ಕೊಟ್ಟರೆ ನಿನಗೇನೂ ಉಳಿಯುವುದಿಲ್ಲ ಎನ್ನುತ್ತಾನೆ. ವೇಷ ಅಲ್ಲಿಗೆ ಬಯಲಾಯಿತು. ನನ್ನನ್ನು ಈ ಕಥೆಯಲ್ಲಿ ಹಿಡಿದು ನಿಲ್ಲಿಸುವುದು ಈ ಕ್ಷಣವೇ. ಕುಳ್ಳನ ರೂಪ ಯಾರನ್ನೂ ಮೋಸಗೊಳಿಸಲಿಲ್ಲ. ಗೊತ್ತಿದ್ದೇ ಬಲಿ ಧಾರೆಯೆರೆದ. ಹಾಗಾದರೆ ಆ ರೂಪದ ಕೆಲಸ ಮರೆಮಾಚುವುದಾಗಿರಲಿಲ್ಲ, ದೊಡ್ಡವನು ಕೇಳುವುದನ್ನು ಸಾಧ್ಯವಾಗಿಸುವುದಾಗಿತ್ತು. ನೀರು ಅಂಗೈಗೆ ಬಿದ್ದ ಮೇಲೆ ಮೈ ಬೆಳೆಯಿತು, ಎರಡು ಹೆಜ್ಜೆಗೆ ಲೋಕ ಮುಗಿಯಿತು, ಮೂರನೆಯದಕ್ಕೆ ಬಲಿ ತಲೆಯೊಡ್ಡಿದ.

ಗೆದ್ದವನು ಯಾರೆಂದು ನಮ್ಮ ಜನ ತಮ್ಮದೇ ರೀತಿಯಲ್ಲಿ ತೀರ್ಮಾನಿಸಿದ್ದಾರೆ. ದೀಪಾವಳಿಯ ಪಾಡ್ಯದಂದು ನಾವು ಕರೆಯುವುದು ತ್ರಿವಿಕ್ರಮನನ್ನಲ್ಲ. ತುಳುನಾಡಿನಲ್ಲಿ ಗದ್ದೆಗೆ ದೀಪ ಇಟ್ಟು ‘ಕೂ’ ಎಂದು ಕೂಗಿ ಕರೆಯುವುದು ಬಲೀಂದ್ರನನ್ನು, ಕಳೆದುಕೊಂಡ ರಾಜ್ಯವನ್ನು ಒಮ್ಮೆ ನೋಡಿ ಹೋಗು ಎಂದು.

ಈ ಮೂರನೆಯ ಗುಹೆಯಲ್ಲೇ ಎರಡು ಬರಹಗಳಿವೆ. ಸಂಸ್ಕೃತದ್ದು ಶಕ 500ರ, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯದು. ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ತಮ್ಮ ಮಂಗಲೇಶ ಈ ವಿಷ್ಣುಗೃಹವನ್ನು ಮಾಡಿಸಿದ, ಪುಣ್ಯಫಲವನ್ನು ಅಣ್ಣನಿಗೆ ಬಿಟ್ಟುಕೊಟ್ಟ. ಇನ್ನೊಂದು ಪುಟ್ಟ ಕನ್ನಡ ಶಾಸನ. ಅದು ಈ ಗುಹೆಯನ್ನು ಮಂಗಲೇಶನ ಕಲ್ಮನೆ ಎನ್ನುತ್ತದೆ, ಲಂಜಿಗೇಸರ ಎಂಬ ಊರನ್ನು ಕೊಟ್ಟದ್ದನ್ನೂ ಹೂಮಾಲೆ ಕಟ್ಟುವವರಿಗೆ ಸಲ್ಲುವುದನ್ನೂ ಹೇಳುತ್ತದೆ. ಇದನ್ನು ಅಳಿಸಿದವನು ಏಳನೆಯ ನರಕದ ಹುಳುವಾಗಲಿ ಎಂಬ ಶಾಪವೂ ಇದೆ. ದೇವರು ಹಂದಿಯಾದರೆ ಅದು ಪ್ರಭುತ್ವ, ತಾನೇ ಆರಿಸಿಕೊಂಡ ಮೈ. ಪಾಪಿ ಹುಳುವಾದರೆ ಅದು ದಂಡನೆ, ಬೇರೆಯವರು ಹೊರಿಸಿದ ಮೈ. ಒಂದೇ ಗುಹೆಯ ಗೋಡೆಗಳ ಮೇಲೆ ಎರಡೂ ಇವೆ.

ಅಣ್ಣ ತೀರಿಕೊಂಡಾಗ ಅವನ ಮಗ ಪುಲಕೇಶಿ ಇನ್ನೂ ಚಿಕ್ಕವನು. ಮಂಗಲೇಶ ರಾಜ್ಯವನ್ನು ನೋಡಿಕೊಳ್ಳಲು ಬಂದ. ಹುಡುಗ ಬೆಳೆದ ಮೇಲೂ ಚಿಕ್ಕಪ್ಪ ಸಿಂಹಾಸನ ಬಿಡಲಿಲ್ಲ, ತನ್ನ ಸ್ವಂತ ಮಗನಿಗೆ ಅದನ್ನು ಉಳಿಸಲು ನೋಡಿದ. ಕಾವಲುಗಾರನ ರೂಪದಲ್ಲಿ ಒಳಗೆ ಬಂದು ಒಡೆಯನಾಗಿ ಬೆಳೆದದ್ದು ಇದು. ವಾಮನನಿಗಿದ್ದ ಒಂದು ಮಾತ್ರ ಮಂಗಲೇಶನಿಗಿರಲಿಲ್ಲ: ಗೊತ್ತಿದ್ದೇ ಕೊಟ್ಟವನು. ಪುಲಕೇಶಿ ಧಾರೆಯೆರೆದಿರಲಿಲ್ಲ, ದಂಡು ಕಟ್ಟಿಕೊಂಡು ಬಂದ. ಆ ಕಾಳಗದಲ್ಲಿ ಮಂಗಲೇಶ ಮಗನಿಗೆ ರಾಜ್ಯ ಕೊಡುವ ಯತ್ನವನ್ನೂ ತನ್ನ ರಾಜ್ಯವನ್ನೂ ಪ್ರಾಣವನ್ನೂ ಒಟ್ಟಿಗೆ ಕಳೆದುಕೊಂಡನೆಂದು ಐಹೊಳೆಯ ಮೇಗುತಿ ಬಸದಿಯಲ್ಲಿ 634ರಲ್ಲಿ ರವಿಕೀರ್ತಿ ಬರೆದಿಟ್ಟಿದ್ದಾನೆ.

ಗೆದ್ದ ಪುಲಕೇಶಿ ಚಿಕ್ಕಪ್ಪನ ಲಾಂಛನವನ್ನು ಬದಲಿಸಲಿಲ್ಲ. ಪೃಥ್ವೀವಲ್ಲಭನೆಂಬ ಬಿರುದು ಅವನದಾಯಿತು, ವರಾಹವೂ ಅವನದಾಯಿತು. ಅವನ ತಮ್ಮ ಕುಬ್ಜ ವಿಷ್ಣುವರ್ಧನನ ವಂಶದವರು ಅದೇ ಹಂದಿಯನ್ನು ವೆಂಗಿಗೆ ಕೊಂಡೊಯ್ದರು, ಶತಮಾನಗಳ ಬಳಿಕ ವಿಜಯನಗರದವರು ತಮ್ಮ ಲಾಂಛನದಲ್ಲಿ ಅದನ್ನೇ ಇಟ್ಟುಕೊಂಡರು.